ಅಮ್ಮನ ಗ್ಯಾಲರಿ ತುಂಬಾ ಫಾರ್ವರ್ಡ್ ಚಿತ್ರಗಳು: ಆಟೋ ಡೌನ್‌ಲೋಡ್ ಆಫ್ ಮಾಡಿದರೂ ಯಾಕೆ ಬರುತ್ತಿವೆ?

ಹಾಸನದ_ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮ ಹಾಸನದಲ್ಲಿ ಒಬ್ಬರೇ ಇರುತ್ತಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಅಮ್ಮನದು 64 ಜಿಬಿ ಆಂಡ್ರಾಯ್ಡ್ ಫೋನ್. ಹೋದ ವಾರ ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಹಳೆಯ ಔಷಧಿ ಚೀಟಿ ಇದೆಯಾ ಅಂತ ಡಾಕ್ಟರ್ ಕೇಳಿದರು. ಅದರ ಫೋಟೋ ಅಮ್ಮನ ಫೋನಿನಲ್ಲೇ ಇತ್ತು, ಮಾರ್ಚ್‌ನಲ್ಲಿ ನಾನೇ ತೆಗೆದಿದ್ದೆ.

ಗ್ಯಾಲರಿ ತೆರೆದರೆ ಗುಲಾಬಿ ಹೂವು, ಕಾಫಿ ಲೋಟದ ಪಕ್ಕ ಶುಭೋದಯ, ವೆಂಕಟರಮಣ, ಮತ್ತೆ ಗುಲಾಬಿ, ಮೊಣಕಾಲು ನೋವಿಗೆ ಮೆಂತ್ಯ, ಮತ್ತೆ ಶುಭೋದಯ. ಅಮ್ಮ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇದ್ದರು. ನಡುನಡುವೆ ನನ್ನ ಮಗನ ಮುಖ ಒಂದು ಕ್ಷಣ ಕಂಡು ಹೋಗುತ್ತಿತ್ತು. ಚೀಟಿ ಸಿಗಲೇ ಇಲ್ಲ. ಕೊನೆಗೆ ಅಮ್ಮ "ಬಿಡು, ನನಗೆ ಈ ಫೋನ್ ಆಗಲ್ಲ" ಅಂದರು. ಆ ಮಾತು ಕೇಳಿ ತುಂಬಾ ಬೇಜಾರಾಯಿತು.

ನನ್ನ ಪ್ರಶ್ನೆ ಇಷ್ಟೆ. ವಾಟ್ಸಾಪ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗಬಾರದು ಅಂತ ಆರು ತಿಂಗಳ ಹಿಂದೆಯೇ ಟಿಕ್ ತೆಗೆದಿದ್ದೆ. ಆದರೂ ಗ್ಯಾಲರಿ ತುಂಬುತ್ತಲೇ ಇದೆ. ಸ್ಟೋರೇಜ್ ಫುಲ್ ಅಂತ ದಿನಾ ಬರುತ್ತಿದೆ. ಎಲ್ಲಿ ತಪ್ಪಿದೆ?

ಸೈಕಲ್_ಸವಾರಿ

Media visibility ಆಫ್ ಮಾಡಿ. ಮುಗಿಯಿತು. ಜಾಗವೂ ಉಳಿಯುತ್ತದೆ.

ತುಮಕೂರು_ತೆಂಗು

ನಮ್ಮ ಮನೆಯಲ್ಲೂ ಇದೇ ಕಥೆ. ಬೆಳಿಗ್ಗೆ ಆರರಿಂದ ಏಳರ ಒಳಗೆ ಅಪ್ಪನ ಫೋನಿಗೆ ಏನಿಲ್ಲ ಅಂದರೂ ನಲವತ್ತು ಚಿತ್ರ ಬರುತ್ತವೆ. ಉತ್ತರ ಸಿಕ್ಕರೆ ನನಗೂ ಬೇಕು.

ದಾವಣಗೆರೆ_ರಿಪೇರಿ

ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಹನ್ನೊಂದು ವರ್ಷ ಆಯಿತು. ಹಾಸನದ ಅಕ್ಕ, ಮೊದಲು ಒಂದು ವಿಷಯ ನೋಡಿ ಹೇಳಿ. ವಾಟ್ಸಾಪ್‌ನಲ್ಲಿ Settings, ಅದರೊಳಗೆ Storage and data ತೆರೆಯಿರಿ. ಅಲ್ಲಿ Media auto-download ಅಂತ ಇದೆ. ಅದರ ಕೆಳಗೆ ಒಂದಲ್ಲ, ಮೂರು ಸಾಲು ಇರುತ್ತವೆ. ಮೊಬೈಲ್ ಡೇಟಾದಲ್ಲಿದ್ದಾಗ, ವೈಫೈಯಲ್ಲಿದ್ದಾಗ, ರೋಮಿಂಗ್‌ನಲ್ಲಿದ್ದಾಗ. ಮೂರಕ್ಕೂ ಬೇರೆ ಬೇರೆ ಟಿಕ್. ಮಾಮೂಲಿಯಾಗಿ ಆಂಡ್ರಾಯ್ಡ್‌ನಲ್ಲಿ ಮೊಬೈಲ್ ಡೇಟಾಕ್ಕೆ ಬರೀ ಫೋಟೋ, ವೈಫೈಗೆ ಫೋಟೋ, ಆಡಿಯೋ, ವಿಡಿಯೋ, ಡಾಕ್ಯುಮೆಂಟ್ ಎಲ್ಲವೂ ಆನ್ ಇರುತ್ತದೆ.

ನೀವು ಟಿಕ್ ತೆಗೆದದ್ದು ಯಾವ ಸಾಲಿನಲ್ಲಿ? ಮನೆಯಲ್ಲಿ ವೈಫೈ ಇದೆಯಾ?

@ಸೈಕಲ್_ಸವಾರಿ, ನೀವು ಹೇಳಿದ್ದು ಅರ್ಧ ಸರಿ. ಅದು ಗ್ಯಾಲರಿಯಿಂದ ಮರೆ ಮಾಡುತ್ತದೆ. ಜಾಗ ಒಂದು ಚೂರೂ ಉಳಿಯುವುದಿಲ್ಲ. ಫೈಲ್ ಫೋನಿನೊಳಗೇ ಕೂತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಸೈಕಲ್_ಸವಾರಿ

ನನ್ನ ಫೋನಿನಲ್ಲಿ ಮಾಡಿದ ಮೇಲೆ ಗ್ಯಾಲರಿ ಖಾಲಿ ಖಾಲಿ ಕಾಣುತ್ತಿದೆಯಲ್ಲ?

ದಾವಣಗೆರೆ_ರಿಪೇರಿ

ಕಾಣುತ್ತದೆ. ಒಂದು ಸಲ Manage storage ತೆರೆದು ವಾಟ್ಸಾಪ್ ಎಷ್ಟು ಜಾಗ ಹಿಡಿದಿದೆ ಅಂತ ನೋಡಿ, ಆಮೇಲೆ ಮಾತಾಡೋಣ.

ಹಾಸನದ_ಮಗಳು

ಅಣ್ಣ, ಈಗಷ್ಟೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಸ್ಕ್ರೀನ್ ತೋರಿಸಲು ಹೇಳಿದೆ. ನಾನು ತೆಗೆದದ್ದು ಮೊಬೈಲ್ ಡೇಟಾ ಸಾಲಿನಲ್ಲಿ ಮಾತ್ರ. ವೈಫೈ ಸಾಲಿನಲ್ಲಿ ನಾಲ್ಕೂ ಟಿಕ್ ಹಾಗೇ ಇವೆ. ಮನೆಗೆ ವೈಫೈ ಹಾಕಿಸಿದ್ದು ನಾನೇ, ವಿಡಿಯೋ ಕಾಲ್ ಚೆನ್ನಾಗಿ ಬರಲಿ ಅಂತ. ಅಂದರೆ ಅಮ್ಮ ದಿನವಿಡೀ ವೈಫೈಯಲ್ಲೇ ಇರುತ್ತಾರೆ.

ದಾವಣಗೆರೆ_ರಿಪೇರಿ

ಅದೇ ಕಾರಣ. ಡೇಟಾ ಖರ್ಚಾಗುತ್ತದೆ ಅನ್ನುವ ಚಿಂತೆಯಿಂದ ಎಲ್ಲರೂ ಮೊದಲನೇ ಸಾಲಿಗೆ ಮಾತ್ರ ಕೈ ಹಾಕುತ್ತಾರೆ. ಗ್ಯಾಲರಿ ತುಂಬಿಸುವುದು ಎರಡನೇ ಸಾಲು.

ಆದರೆ ಅಕ್ಕ, ಅದನ್ನು ಆಫ್ ಮಾಡಿದರೂ ನಿಮ್ಮ ತೊಂದರೆ ಪೂರ್ತಿ ಹೋಗುವುದಿಲ್ಲ. ಆಟೋ ಡೌನ್‌ಲೋಡ್ ನಿಲ್ಲಿಸಿದಾಗ ಚಿತ್ರ ಮಸುಕಾಗಿ ಕಾಣುತ್ತದೆ, ಮೇಲೆ ಒಂದು ಬಾಣದ ಗುರುತು ಇರುತ್ತದೆ. ಅಮ್ಮ ಅದನ್ನು ಒತ್ತಿದರೆ ಇಳಿಯುತ್ತದೆ, ಇಳಿದ ತಕ್ಷಣ ಗ್ಯಾಲರಿಗೂ ಹೋಗುತ್ತದೆ. ವಯಸ್ಸಾದವರು ಯಾರು ಕಳಿಸಿದ್ದನ್ನೂ ನೋಡದೆ ಬಿಡುವುದಿಲ್ಲ. ಅವರು ಪ್ರತಿಯೊಂದನ್ನೂ ಒತ್ತುತ್ತಾರೆ. ಹಾಗಾಗಿ ಎರಡು ಸ್ವಿಚ್ ಬೇರೆ ಬೇರೆ ಅಂತ ತಿಳಿದುಕೊಳ್ಳಿ. ಫೋನಿಗೆ ಇಳಿಯಬೇಕೋ ಬೇಡವೋ ಅನ್ನುವುದು ಒಂದು. ಇಳಿದದ್ದು ಗ್ಯಾಲರಿಯಲ್ಲಿ ಕಾಣಬೇಕೋ ಬೇಡವೋ ಅನ್ನುವುದು ಇನ್ನೊಂದು. ಅಮ್ಮನಿಗೆ ನಿಜವಾಗಿ ಬೇಕಾಗಿರುವುದು ಎರಡನೆಯದು.

ನಿವೃತ್ತ_ಮೇಷ್ಟ್ರು

ಈ ಚರ್ಚೆ ಓದಿ ಮನಸ್ಸಿಗೆ ನೋವಾಯಿತು. ನಾನು ದಿನಾ ಬೆಳಿಗ್ಗೆ ಶುಭೋದಯ ಕಳಿಸುವವನೇ. ಅದನ್ನು ಕಸ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನ ಜೊತೆ ಕೆಲಸ ಮಾಡಿದ ಹನ್ನೆರಡು ಜನ ಒಂದು ಗುಂಪಿನಲ್ಲಿದ್ದೇವೆ. ಬೆಳಿಗ್ಗೆ ಚಿತ್ರ ಬರಲಿಲ್ಲ ಅಂದರೆ ಫೋನ್ ಮಾಡಿ ವಿಚಾರಿಸುತ್ತೇವೆ. ಹೋದ ವರ್ಷ ಒಬ್ಬರು ಬಚ್ಚಲಲ್ಲಿ ಬಿದ್ದದ್ದು ಗೊತ್ತಾದದ್ದು ಹಾಗೆಯೇ. ಕಳಿಸುವುದನ್ನೇ ನಿಲ್ಲಿಸಿ ಅನ್ನುವುದು ಸರಿಯಲ್ಲ.

ಹಾಸನದ_ಮಗಳು

ಮೇಷ್ಟ್ರೇ, ಯಾರೂ ಕಳಿಸಬೇಡಿ ಅಂತ ಹೇಳಿಲ್ಲ. ಅಮ್ಮನಿಗೂ ಆ ಚಿತ್ರಗಳು ಇಷ್ಟ, ನೋಡಿ ಕೈ ಮುಗಿಯುವ ಗುರುತು ಹಾಕುತ್ತಾರೆ. ನೋಡಿದ ಮೇಲೆ ಅವು ಚೀಟಿ, ಪಾಸ್‌ಬುಕ್, ಮೊಮ್ಮಗನ ಫೋಟೋ ಜೊತೆ ಸೇರಬಾರದು, ಅಷ್ಟೇ ನನ್ನ ಕೇಳಿಕೆ. ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ.

ನಿವೃತ್ತ_ಮೇಷ್ಟ್ರು

ಹಾಗಾದರೆ ಸರಿ ಅಮ್ಮಾ. ಬರುತ್ತಲೇ ಇರಲಿ, ಬೇರೆ ಕಡೆ ಇರಲಿ ಅಂತ ತಾನೇ? ಅದಕ್ಕೆ ನನ್ನ ಅಡ್ಡಿ ಇಲ್ಲ. ಅದು ಹೇಗೆ ಅಂತ ನನಗೂ ತಿಳಿಯಬೇಕು.

ಕರಾವಳಿ_ಗಾಳಿ

ಡೇಟಾ ಉಳಿಸುವುದಾದರೆ ಇನ್ನೊಂದು ವಿಷಯ ನೆನಪಿರಲಿ. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಮಾವನ ಫೋನಿಗೆ ನನ್ನ ಹಾಟ್‌ಸ್ಪಾಟ್ ಕೊಟ್ಟೆ. ಶಿರಾಡಿ ಘಾಟಿ ದಾಟಿ ಸಕಲೇಶಪುರ ಬರುವಷ್ಟರಲ್ಲಿ ನನ್ನ ದಿನದ 2 ಜಿಬಿ ಮುಗಿದು ಹೋಯಿತು. ಮಾವ ಒಂದು ವಿಡಿಯೋ ಕೂಡ ನೋಡಿರಲಿಲ್ಲ. ಅವರ ಫೋನಿಗೆ ನನ್ನ ಹಾಟ್‌ಸ್ಪಾಟ್ ಅಂದರೆ ವೈಫೈ. ನಾಲ್ಕು ದಿನದ ಗುಂಪಿನ ವಿಡಿಯೋಗಳು ಒಟ್ಟಿಗೆ ಇಳಿದುಬಿಟ್ಟವು.

ತುಮಕೂರು_ತೆಂಗು

ಅಯ್ಯೋ ಹೌದಲ್ವಾ! ನಾನು ಅಪ್ಪನಿಗೆ ದಿನಾ ಹಾಟ್‌ಸ್ಪಾಟ್ ಕೊಡುತ್ತೇನೆ. ಅದಕ್ಕೇ ಸಂಜೆಗೆ ಡೇಟಾ ಮುಗಿಯುವುದು.

ಸಾಗರದ_ಅಡಿಕೆ

ಎಲ್ಲಾ ಆಫ್ ಮಾಡಿ ಅಂತ ಸುಮ್ನೆ ಹೇಳಬೇಡಿ, ನನಗೆ ಅದರಿಂದ ಪೆಟ್ಟು ಬಿದ್ದಿದೆ. ಅಡಿಕೆ ಮಾರಿದ ಮೇಲೆ ತೂಕದ ಚೀಟಿಯ ಫೋಟೋ ವಾಟ್ಸಾಪ್‌ಗೆ ಬರುತ್ತದೆ. ನಾನು ಜಾಗ ಉಳಿಸಲು ಫೋಟೋ ಸಮೇತ ಎಲ್ಲಾ ಆಫ್ ಮಾಡಿದ್ದೆ. ಚೀಟಿ ಬಂದಿದೆ ಅಂತ ಮಸುಕು ಚಿತ್ರ ನೋಡಿ ಸುಮ್ಮನಾದೆ. ನಾಲ್ಕು ತಿಂಗಳ ನಂತರ ಲೆಕ್ಕ ಕೂಡಿಸಲು ಕೂತು ಬಾಣ ಒತ್ತಿದರೆ ಇಳಿಯಲಿಲ್ಲ. ಕಳಿಸಿದವರಿಗೆ ಮತ್ತೆ ಕಳಿಸಲು ಹೇಳಿ ಅಂತ ತೋರಿಸಿತು. ಕಳಿಸಿದವರು ಅಷ್ಟರಲ್ಲಿ ಫೋನ್ ಬದಲಾಯಿಸಿದ್ದರು.

ಆ ಮಸುಕು ಚಿತ್ರದಲ್ಲಿ ಕ್ವಿಂಟಾಲ್ ಎಷ್ಟು ಅಂತ ಓದಲು ಎಷ್ಟು ಒದ್ದಾಡಿದೆ ನನಗೇ ಗೊತ್ತು.

ದಾವಣಗೆರೆ_ರಿಪೇರಿ

ಸಾಗರದವರು ಹೇಳಿದ್ದನ್ನು ಎಲ್ಲರೂ ಗಮನಿಸಿ. ಇಳಿಸದೆ ಬಿಟ್ಟ ಚಿತ್ರ ನಿಮ್ಮ ಫೋನಿನಲ್ಲಿ ಇರುವುದಿಲ್ಲ. ಅದರ ಒಂದು ಚಿಕ್ಕ ಮಸುಕು ನೆರಳು ಮಾತ್ರ ಇರುತ್ತದೆ. ಪೂರ್ತಿ ಚಿತ್ರ ಸರ್ವರ್‌ನಲ್ಲಿ ಸ್ವಲ್ಪ ಕಾಲ ಇರುತ್ತದೆ, ಆಮೇಲೆ ಹೋಗುತ್ತದೆ. ಬ್ಯಾಕಪ್‌ನಲ್ಲೂ ಅದು ಸೇರುವುದಿಲ್ಲ, ಯಾಕೆಂದರೆ ಬ್ಯಾಕಪ್ ಆಗುವುದು ಫೋನಿನಲ್ಲಿ ಇರುವುದು ಮಾತ್ರ.

ಅದಕ್ಕೇ ಅಂಗಡಿಗೆ ಬಂದವರಿಗೆ ನಾನು ಹೇಳುವುದು ಹೀಗೆ. ಫೋಟೋ ವೈಫೈಯಲ್ಲಿ ಆನ್ ಇರಲಿ. ವಿಡಿಯೋ ಆಫ್ ಮಾಡಿ. ಒಂದು ಶುಭೋದಯ ಚಿತ್ರ ನೂರೋ ಇನ್ನೂರೋ ಕೆಬಿ ಇರಬಹುದು. ಒಂದು ಭಜನೆ ವಿಡಿಯೋ ಹದಿನೈದು ಎಂಬಿ ಇದ್ದರೆ ಅಂಥ ನೂರು ಚಿತ್ರಕ್ಕೆ ಸಮ. ಜಾಗ ತಿನ್ನುವುದು ವಿಡಿಯೋ, ಗ್ಯಾಲರಿಯನ್ನು ಗಲಿಬಿಲಿ ಮಾಡುವುದು ಫೋಟೋ. ಎರಡಕ್ಕೂ ಮದ್ದು ಬೇರೆ.

ಧಾರವಾಡ_ಪೇಡೆ

ಇದಕ್ಕೆಲ್ಲಾ ಟೆಲಿಗ್ರಾಮ್ ವಾಸಿ. ಅಲ್ಲಿ ಖಾಸಗಿ ಮಾತುಕತೆಗೆ ಒಂದು, ಗುಂಪಿಗೆ ಒಂದು, ಚಾನೆಲ್‌ಗೆ ಒಂದು ಅಂತ ಡೌನ್‌ಲೋಡ್ ಬೇರೆ ಬೇರೆ ಇಡಬಹುದು. ಇಷ್ಟು ಎಂಬಿ ದಾಟಿದರೆ ಇಳಿಸಬೇಡ ಅಂತ ಮಿತಿಯೂ ಹಾಕಬಹುದು. ಗ್ಯಾಲರಿಗೆ ಸೇರಿಸುವುದು ಮತ್ತೆ ಬೇರೆ ಸ್ವಿಚ್. ಹಳೆಯ ಮೀಡಿಯಾ ಎಷ್ಟು ದಿನ ಫೋನಿನಲ್ಲಿ ಇರಬೇಕು ಅಂತಲೂ ಹೇಳಬಹುದು, ಆಮೇಲೆ ಬೇಕಾದರೆ ಮತ್ತೆ ಇಳಿಸಿಕೊಳ್ಳಬಹುದು.

ಸಾಗರದ_ಅಡಿಕೆ

ನೀವು ಹೇಳುವುದು ಸರಿ, ಆದರೆ ನನಗೆ ಚೀಟಿ ಕಳಿಸುವವರು ಟೆಲಿಗ್ರಾಮ್‌ನಲ್ಲಿ ಇಲ್ಲವಲ್ಲ.

ಧಾರವಾಡ_ಪೇಡೆ

ಅದು ಒಪ್ಪುತ್ತೇನೆ. ಆದರೆ ವಾಟ್ಸಾಪ್‌ನಲ್ಲಿ ಗುಂಪಿನಿಂದ ಬರುವ ವಿಡಿಯೋ ಬೇಡ, ಮಗಳು ಕಳಿಸಿದ್ದು ಮಾತ್ರ ಬರಲಿ ಅಂತ ಡೌನ್‌ಲೋಡ್‌ಗೆ ಹೇಳಲು ನನ್ನ ಫೋನಿನಲ್ಲಿ ಜಾಗವೇ ಇಲ್ಲ. ಅದು ಕೊರತೆ ಹೌದೋ ಅಲ್ಲವೋ?

ದಾವಣಗೆರೆ_ರಿಪೇರಿ

ಡೌನ್‌ಲೋಡ್ ವಿಷಯದಲ್ಲಿ ಕೊರತೆ ಹೌದು. ಅದು ಎಲ್ಲಾ ಚಾಟ್‌ಗೂ ಒಂದೇ. ಆದರೆ ಗ್ಯಾಲರಿಯಲ್ಲಿ ಕಾಣುವುದನ್ನು ಚಾಟ್ ಚಾಟ್‌ಗೂ ಬೇರೆ ಇಡಬಹುದು. ಹಾಸನದ ಅಕ್ಕನಿಗೆ ಬೇಕಾಗಿರುವುದೇ ಅದು, ವಿವರವಾಗಿ ಬರೆಯುತ್ತೇನೆ.

ಮೊದಲು Settings, Chats ಒಳಗೆ Media visibility ಇದೆ, ಅದನ್ನು ಆಫ್ ಮಾಡಿ. ಈಗಿನಿಂದ ಯಾವ ಚಾಟ್‌ನಿಂದ ಏನು ಇಳಿದರೂ ಗ್ಯಾಲರಿಗೆ ಹೋಗುವುದಿಲ್ಲ. ಚಾಟ್ ಒಳಗೆ ಮಾತ್ರ ಕಾಣುತ್ತದೆ. ಅಮ್ಮನಿಗೆ ಶುಭೋದಯ ನೋಡುವುದಕ್ಕೆ ಏನೂ ತೊಂದರೆ ಇಲ್ಲ.

ಆಮೇಲೆ ನಿಮ್ಮ ಚಾಟ್ ತೆರೆಯಿರಿ. ಮೇಲೆ ನಿಮ್ಮ ಹೆಸರು ಒತ್ತಿದರೆ ವಿವರದ ಪುಟ ಬರುತ್ತದೆ. ಅಲ್ಲೂ Media visibility ಇದೆ. ಒತ್ತಿದರೆ ಮೂರು ಆಯ್ಕೆ. Default ಅಂದರೆ ಹೊರಗಿನ ದೊಡ್ಡ ಸ್ವಿಚ್ ಹೇಗಿದೆಯೋ ಹಾಗೆ. Yes ಅಂದರೆ ದೊಡ್ಡ ಸ್ವಿಚ್ ಆಫ್ ಇದ್ದರೂ ಈ ಚಾಟ್‌ನ ಚಿತ್ರ ಗ್ಯಾಲರಿಗೆ ಬರಲಿ ಅಂತ. No ಅಂದರೆ ಇದಕ್ಕೆ ವಿರುದ್ಧ. ನಿಮ್ಮ ಚಾಟ್‌ಗೆ, ಮನೆಯವರ ಗುಂಪಿಗೆ, ಇನ್ನು ಯಾರು ಮುಖ್ಯವೋ ಅವರಿಗೆ Yes ಕೊಡಿ. ಉಳಿದ ಯಾವ ಗುಂಪನ್ನೂ ಮುಟ್ಟುವ ಅಗತ್ಯ ಇಲ್ಲ. ನಾಳೆ ಅಮ್ಮನನ್ನು ಯಾರೋ ಹೊಸ ಗುಂಪಿಗೆ ಸೇರಿಸಿದರೂ ಅದು ತಾನಾಗಿ ಹೊರಗೇ ಇರುತ್ತದೆ.

ಒಂದು ಮಾತು. ಇದು ಹೊಸದಾಗಿ ಇಳಿಯುವ ಚಿತ್ರಕ್ಕೆ ಮಾತ್ರ. ಈಗಾಗಲೇ ಗ್ಯಾಲರಿಯಲ್ಲಿ ಇರುವುದು ಅಲ್ಲೇ ಇರುತ್ತದೆ. ಅಂಗಡಿಗೆ ಬಂದು "ಮಾಡಿದೆ, ಏನೂ ಆಗಲಿಲ್ಲ" ಅನ್ನುವವರೆಲ್ಲಾ ಹಳೆಯ ಚಿತ್ರಗಳನ್ನು ನೋಡಿಕೊಂಡು ಹೇಳುವುದು. ಆಯಿತೋ ಇಲ್ಲವೋ ಅಂತ ತಿಳಿಯಬೇಕಾದರೆ ಮಾರನೇ ದಿನ ಬೆಳಿಗ್ಗೆ ನೋಡಿ.

ಫ್ರೀಮಾಂಟ್_ಕನ್ನಡಿಗ

ನನ್ನದು ಐಫೋನ್, ಇಲ್ಲಿ Media visibility ಅಂತ ಎಲ್ಲೂ ಇಲ್ಲ. ನನಗೂ ಊರಿನ ಮೂರು ಗುಂಪುಗಳಿಂದ ಬಂದದ್ದೆಲ್ಲಾ Photos ಒಳಗೆ ಸೇರಿ, ಐಕ್ಲೌಡ್‌ಗೂ ಹೋಗಿ, ಪುಕ್ಕಟೆ ಕೊಡುವ 5 ಜಿಬಿ ಯಾವತ್ತೋ ಮುಗಿದಿದೆ.

ದಾವಣಗೆರೆ_ರಿಪೇರಿ

ಐಫೋನಿನಲ್ಲಿ ಅದರ ಹೆಸರು Save to Photos. Settings, Chats ಒಳಗೇ ಇದೆ. ಚಾಟ್‌ನ ವಿವರದ ಪುಟದಲ್ಲಿ Default, Always, Never ಅಂತ ಬರುತ್ತದೆ. ಆಟೋ ಡೌನ್‌ಲೋಡ್ ಕೂಡ ಅಲ್ಲಿ ತಿರುವುಮುರುವು. ಫೋಟೋ ಒತ್ತಿ, ಅದಕ್ಕೆ Never, Wi-Fi, Wi-Fi and Cellular ಅಂತ ಆರಿಸಬೇಕು.

ಐಫೋನಿನಲ್ಲಿ ಒಂದು ವ್ಯತ್ಯಾಸ ಇದೆ, ಅದು ಮುಖ್ಯ. ಆಂಡ್ರಾಯ್ಡ್‌ನಲ್ಲಿ ಗ್ಯಾಲರಿ ತೋರಿಸುವುದು ವಾಟ್ಸಾಪ್ ಫೋಲ್ಡರಿನಲ್ಲಿರುವ ಅದೇ ಫೈಲನ್ನು. ಐಫೋನಿನಲ್ಲಿ Photos ಒಳಗೆ ಇನ್ನೊಂದು ಪ್ರತಿ ಆಗುತ್ತದೆ. ಹಾಗಾಗಿ ಅಲ್ಲಿ ಆಫ್ ಮಾಡಿದರೆ ಜಾಗವೂ ಉಳಿಯುತ್ತದೆ. ಸೈಕಲ್_ಸವಾರಿಯವರ ಮಾತು ಐಫೋನಿನವರಿಗೆ ಸರಿ ಹೊಂದುತ್ತದೆ.

ಸೈಕಲ್_ಸವಾರಿ

ನೋಡಿದೆ. Manage storage ಪ್ರಕಾರ ನನ್ನ ವಾಟ್ಸಾಪ್ 19 ಜಿಬಿ ಇದೆ. ಎರಡು ವರ್ಷದಿಂದ ಜಾಗ ಉಳಿದಿದೆ ಅಂತಲೇ ಅಂದುಕೊಂಡಿದ್ದೆ. ನೀವು ಹೇಳಿದ್ದೇ ಸರಿ.

ಮಲ್ಲಿಗೆ_ಬಳ್ಳಿ

ಹಳೆಯದನ್ನು ಮರೆ ಮಾಡಲು .nomedia ಅಂತ ಏನೋ ಇದೆಯಲ್ಲ? ನನ್ನ ತಮ್ಮ ಮಾಡಿಕೊಟ್ಟಿದ್ದ.

ದಾವಣಗೆರೆ_ರಿಪೇರಿ

ಇದೆ. ಫೋಲ್ಡರಿನಲ್ಲಿ ಈ ಹೆಸರಿನ ಖಾಲಿ ಫೈಲ್ ಇದ್ದರೆ ಗ್ಯಾಲರಿ ಆ ಫೋಲ್ಡರನ್ನು ಬಿಟ್ಟು ಮುಂದೆ ಹೋಗುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಈ ಜಾಗಕ್ಕೆ ಹೋಗಬೇಕು:

```
Android/media/com.whatsapp/WhatsApp/Media/WhatsApp Images/.nomedia
```

ಹೆಸರಿನ ಮುಂದೆ ಚುಕ್ಕಿ ಇರಲೇಬೇಕು, ಹಿಂದೆ .txt ಅಂತ ಸೇರಬಾರದು. ಹಳೆಯ ಫೋನುಗಳಲ್ಲಿ WhatsApp ಫೋಲ್ಡರ್ ನೇರವಾಗಿ ಹೊರಗೇ ಇರುತ್ತದೆ.

ಆದರೆ ಅಮ್ಮನ ಫೋನಿಗೆ ನಾನು ಇದನ್ನು ಹೇಳುವುದಿಲ್ಲ. ಅದು ಎಲ್ಲವನ್ನೂ ಒಟ್ಟಿಗೆ ಮರೆ ಮಾಡುತ್ತದೆ, ಮೊಮ್ಮಗನ ಫೋಟೋ ಸಮೇತ. ಒಬ್ಬರು ಹೀಗೇ ಎಲ್ಲೋ ಓದಿಕೊಂಡು ಆ ಫೈಲನ್ನು DCIM ಒಳಗೆ ಇಟ್ಟುಬಿಟ್ಟಿದ್ದರು. ಮಗಳ ಮದುವೆ ಫೋಟೋ ಎಲ್ಲಾ ಹೋಯಿತು ಅಂತ ಅಂಗಡಿಗೆ ಓಡಿ ಬಂದರು, ಕೈ ನಡುಗುತ್ತಿತ್ತು. ಫೋಟೋ ಅಲ್ಲೇ ಇತ್ತು. ಆ ಫೈಲ್ ಅಳಿಸಿ ಫೋನ್ ಒಂದು ಸಲ ಆಫ್ ಮಾಡಿ ಆನ್ ಮಾಡಿದ ಮೇಲೆ ಎಲ್ಲಾ ಬಂದವು. ಅದೃಷ್ಟಕ್ಕೆ ಫೋನ್ ರೀಸೆಟ್ ಮಾಡಿರಲಿಲ್ಲ.

ಹಾಸನದ_ಮಗಳು

ನಾಳೆ ಶನಿವಾರ, ಹಾಸನಕ್ಕೆ ಹೋಗುತ್ತಿದ್ದೇನೆ. ಕೂತು ಎಲ್ಲಾ ಮಾಡುತ್ತೇನೆ. ಹಳೆಯದನ್ನು ಅಳಿಸುವುದು ಹೇಗೆ? ಒಂದೊಂದೇ ನೋಡಿದರೆ ವರ್ಷ ಬೇಕು.

ದಾವಣಗೆರೆ_ರಿಪೇರಿ

ಗ್ಯಾಲರಿಯಿಂದ ಅಳಿಸಬೇಡಿ. ಅಲ್ಲಿ ಅಳಿಸಿದ್ದು ಎಷ್ಟೋ ಫೋನುಗಳಲ್ಲಿ ಕಸದಬುಟ್ಟಿಗೆ ಹೋಗಿ 30 ದಿನ ಕೂತಿರುತ್ತದೆ. ಅಲ್ಲಿಯವರೆಗೆ ಜಾಗ ಖಾಲಿ ಆಗುವುದಿಲ್ಲ. Storage and data ಒಳಗಿನ Manage storage ನಿಂದಲೇ ಮಾಡಿ.

ಅಲ್ಲಿ ಮೇಲೆ ಎರಡು ಗುಂಪು ಕಾಣುತ್ತವೆ. ಒಂದು Forwarded many times, ಇನ್ನೊಂದು Larger than 5 MB. ಮೊದಲನೆಯದರಲ್ಲಿ ಜೋಡಿ ಬಾಣದ ಗುರುತು ಇರುವವು ಮಾತ್ರ ಬರುತ್ತವೆ, ಅಂದರೆ ಐದು ಚಾಟ್ ದಾಟಿ ಕೈಯಿಂದ ಕೈಗೆ ಬಂದವು. ಯಾರದೋ ಮನೆಯ ಫೋಟೋ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಸಲ ಕಣ್ಣಾಡಿಸಿ ಎಲ್ಲಾ ಆರಿಸಿ ಅಳಿಸಬಹುದು. ಎರಡನೆಯದನ್ನು ಮಾತ್ರ ಅಮ್ಮನನ್ನು ಪಕ್ಕ ಕೂರಿಸಿಕೊಂಡು ನೋಡಿ. ಮನೆಯ ವಿಡಿಯೋ ಇರುವುದು ಅಲ್ಲೇ.

ಕೆಳಗೆ ಯಾವ ಚಾಟ್ ಎಷ್ಟು ಜಾಗ ಹಿಡಿದಿದೆ ಅಂತ ಸಾಲಾಗಿ ಇರುತ್ತದೆ, ದೊಡ್ಡದು ಮೇಲೆ. ಅಲ್ಲಿಂದ ಅಳಿಸಿದ್ದು ವಾಪಸ್ ಬರುವುದಿಲ್ಲ, ಅದು ನೆನಪಿರಲಿ.

ಇನ್ನೊಂದು, ಆ ಔಷಧಿ ಚೀಟಿ. ನೀವೇ ಕ್ಯಾಮೆರಾದಲ್ಲಿ ತೆಗೆದದ್ದು ಅಂದಿರಿ. ಗ್ಯಾಲರಿಯಲ್ಲಿ Albums ಒಳಗೆ Camera ಅಂತ ಬೇರೆ ಇರುತ್ತದೆ, ಅಲ್ಲಿ ನೋಡಿ. ಮೊದಲ ಪುಟದಲ್ಲಿ ಎಲ್ಲಾ ಬೆರೆತು ಕಾಣುತ್ತದೆ, ಅದರಿಂದ ಸಿಕ್ಕಿಲ್ಲ. ವಾಟ್ಸಾಪ್‌ನಿಂದ ಬಂದದ್ದಾದರೆ ಫೈಲಿನ ಹೆಸರಿನಲ್ಲಿ WA ಅಂತ ಇರುತ್ತದೆ, IMG-20240312-WA0007 ಅನ್ನುವ ಹಾಗೆ.

ಹಾಸನದ_ಮಗಳು

ಸಿಕ್ಕಿತು! Camera ಆಲ್ಬಮ್ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಎರಡೇ ನಿಮಿಷಕ್ಕೆ ಚೀಟಿ ಕಳಿಸಿದರು. ಮಾರ್ಚ್ 12ರದ್ದು.

ತುಮಕೂರು_ತೆಂಗು

ಒಂದು ಹೆದರಿಕೆ ಇದೆ. ಮದುವೆ ಆಮಂತ್ರಣ ಅಂತ ಹೆಸರಿರುವ ಎಪಿಕೆ ಫೈಲ್ ವಾಟ್ಸಾಪ್‌ನಲ್ಲಿ ಬರುತ್ತದೆ, ಇಳಿದ ತಕ್ಷಣ ಬ್ಯಾಂಕಿನ ದುಡ್ಡು ಹೋಗುತ್ತದೆ ಅನ್ನುತ್ತಾರೆ. ಹಾಗಾದರೆ ವೈಫೈಯಲ್ಲಿ ಡಾಕ್ಯುಮೆಂಟ್ ಆನ್ ಇದ್ದರೆ ಅಪ್ಪನ ಫೋನಿಗೆ ತಾನಾಗಿ ಇಳಿದು ಎಲ್ಲಾ ಹೋಗಿಬಿಡುತ್ತದಾ?

ದಾವಣಗೆರೆ_ರಿಪೇರಿ

ಇಳಿದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ. ಅದನ್ನು ಒತ್ತಿ, ಗೊತ್ತಿಲ್ಲದ ಕಡೆಯ ಆ್ಯಪ್ ಹಾಕಲು ಒಪ್ಪಿ, ಇನ್‌ಸ್ಟಾಲ್ ಮಾಡಿ, ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟಾಗ ಅದು ಕೆಲಸ ಶುರು ಮಾಡುತ್ತದೆ. ಆದರೆ ಹೆಸರು ನೋಡಿ ಪತ್ರಿಕೆ ಅಂದುಕೊಂಡು ಒಂದೊಂದೇ ಓಕೆ ಒತ್ತುತ್ತಾ ಹೋಗುವವರಿದ್ದಾರೆ. ಡಾಕ್ಯುಮೆಂಟ್ ಟಿಕ್ ತೆಗೆಯಿರಿ, ನಷ್ಟ ಏನಿಲ್ಲ. ಅದಕ್ಕಿಂತ ಮುಖ್ಯ ಅಂದರೆ ಮದುವೆ ಪತ್ರಿಕೆ ಫೋಟೋ ಅಥವಾ ಪಿಡಿಎಫ್ ಆಗಿ ಬರುತ್ತದೆ, ಕೊನೆಯಲ್ಲಿ .apk ಅಂತ ಇದ್ದರೆ ಮುಟ್ಟಬೇಡಿ ಅಂತ ಅಪ್ಪನಿಗೆ ತೋರಿಸಿ ಹೇಳಿ.

ನಿವೃತ್ತ_ಮೇಷ್ಟ್ರು

ನಾನೂ ಮಾಡಿದೆ. Media visibility ಆಫ್ ಮಾಡಿ ಮಗನ ಚಾಟ್‌ಗೆ ಮಾತ್ರ Yes ಕೊಟ್ಟೆ. ನನ್ನ ಹೆಂಡತಿಯ ಫೋನಿನಲ್ಲಿ ಮೆನು ಕನ್ನಡದಲ್ಲಿದೆ, ಹೆಸರು ಬೇರೆ ಇರುತ್ತದೆ. ಆದರೆ ಜಾಗ ಅದೇ, ಆ ಕ್ರಮದಲ್ಲೇ ಸಿಕ್ಕಿತು. ನನ್ನಂಥವರು ಯಾರಾದರೂ ಇದ್ದರೆ ತಿಳಿದಿರಲಿ ಅಂತ ಹೇಳಿದೆ.

ಹಾಸನದ_ಮಗಳು

ಶನಿವಾರದ ವರದಿ. ಸ್ವಲ್ಪ ಉದ್ದ ಇದೆ, ಆದರೂ ಬರೆಯುತ್ತೇನೆ.

ಅಮ್ಮನ ವಾಟ್ಸಾಪ್ 27 ಜಿಬಿ ಇತ್ತು. ಫೋನಿನ ಅರ್ಧಕ್ಕೆ ಹತ್ತಿರ. ಅದರಲ್ಲಿ ಭಜನಾ ಮಂಡಳಿ ಗುಂಪು 9.4 ಜಿಬಿ, ಬೀದಿಯ ಹೆಂಗಸರ ಗುಂಪು 6.8, ನಮ್ಮ ಮನೆಯವರ ಗುಂಪು ಬರೀ 3.1. ನನ್ನ ಚಾಟ್ ಒಂದು ಜಿಬಿ ಕೂಡ ಇರಲಿಲ್ಲ.

ಮೊದಲು ವೈಫೈ ಸಾಲಿನಲ್ಲಿ ವಿಡಿಯೋ, ಡಾಕ್ಯುಮೆಂಟ್ ತೆಗೆದೆ. ಫೋಟೋ, ಆಡಿಯೋ ಬಿಟ್ಟೆ. ಆಮೇಲೆ ದೊಡ್ಡ ಸ್ವಿಚ್ ಆಫ್ ಮಾಡಿ ನನ್ನದು, ಅಣ್ಣನದು, ಮನೆಯವರ ಗುಂಪು, ಈ ಮೂರಕ್ಕೆ Yes ಕೊಟ್ಟೆ. ಜೋಡಿ ಬಾಣದವು 4 ಜಿಬಿ ಇದ್ದವು. ಒಮ್ಮೆ ಕಣ್ಣಾಡಿಸಿ ಎಲ್ಲಾ ಅಳಿಸಿದೆ.

ದೊಡ್ಡ ವಿಡಿಯೋಗಳನ್ನು ಅಮ್ಮನ ಜೊತೆ ಕೂತು ನೋಡಿದೆ. ಅದಕ್ಕೆ ಎರಡು ಗಂಟೆ ಹಿಡಿಯಿತು. ಒಂದು ಕಡೆ ಅಮ್ಮ "ತಡಿ ತಡಿ" ಅಂತ ಕೈ ಹಿಡಿದರು. ಅಪ್ಪ ಹಿತ್ತಲಲ್ಲಿ ಹಲಸಿನ ಹಣ್ಣು ಹೆಚ್ಚುತ್ತಿರುವ ವಿಡಿಯೋ, ಹನ್ನೊಂದು ಸೆಕೆಂಡು. ಕೈಗೆ ಎಣ್ಣೆ ಸವರಿಕೊಳ್ಳುತ್ತಾ ಏನೋ ಹೇಳಿ ನಗುತ್ತಾರೆ. ಚಿಕ್ಕಪ್ಪ 2021ರಲ್ಲಿ ಕಳಿಸಿದ್ದು, ಅಪ್ಪ ಹೋಗುವುದಕ್ಕೆ ಒಂದು ವರ್ಷ ಮೊದಲು. ಅದು ಇದೆ ಅಂತ ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ. ಅದನ್ನು ಮೂರು ಕಡೆ ಉಳಿಸಿಕೊಂಡಿದ್ದೇನೆ.

ಕೊನೆಗೆ 27 ಇದ್ದದ್ದು 10ಕ್ಕೆ ಇಳಿಯಿತು. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಮೂವತ್ತೊಂದು ಶುಭೋದಯ ಬಂದಿತ್ತು. ಎಲ್ಲಾ ನೋಡಿದರು, ಉತ್ತರ ಕೊಟ್ಟರು. ಗ್ಯಾಲರಿಯಲ್ಲಿ ಹೊಸದಾಗಿ ಬಂದದ್ದು ಒಂದೇ, ಅಣ್ಣ ಕಳಿಸಿದ ಫೋಟೋ.

ಮಲ್ಲಿಗೆ_ಬಳ್ಳಿ

ಹಲಸಿನ ಹಣ್ಣಿನ ವಿಡಿಯೋ ಓದಿ ಕಣ್ಣು ತುಂಬಿತು ಅಕ್ಕ. ಎಲ್ಲಾ ಆರಿಸಿ ಅಳಿಸಿದ್ದರೆ?

ಧಾರವಾಡ_ಪೇಡೆ

ಅದಕ್ಕೇ ಹೇಳುವುದು, ಹಿರಿಯರ ಫೋನಿನಲ್ಲಿ ವಿಡಿಯೋ ಆಟೋ ಡೌನ್‌ಲೋಡ್ ಆಫ್ ಮಾಡುವುದೂ ಅಪಾಯ. ಆ ವಿಡಿಯೋ ಇಳಿಯದೇ ಇದ್ದಿದ್ದರೆ ಇವತ್ತು ಸಿಗುತ್ತಿರಲಿಲ್ಲ. ಅಡಿಕೆ ಚೀಟಿಯ ಹಾಗೇ ಆಗುತ್ತಿತ್ತು.

ದಾವಣಗೆರೆ_ರಿಪೇರಿ

ಅಮ್ಮ ಒತ್ತಿ ನೋಡಿದ್ದರೆ ಇಳಿದಿರುತ್ತದೆ. ಮನೆಯವರ ವಿಡಿಯೋ ಯಾರೂ ಒತ್ತದೆ ಬಿಡುವುದಿಲ್ಲ.

ಧಾರವಾಡ_ಪೇಡೆ

ಹಾಗಂತ ನಂಬಿಕೊಂಡು ಕೂರಲು ಆಗುತ್ತದಾ? ಅದು ಇದೆ ಅಂತಲೇ ಅವರಿಗೆ ನೆನಪಿರಲಿಲ್ಲ ಅಂದರಲ್ಲ. 64 ಜಿಬಿ ಸಾಲದಿದ್ದರೆ ದೊಡ್ಡ ಫೋನ್ ಕೊಡಿಸುವುದೇ ವಾಸಿ.

ಸಾಗರದ_ಅಡಿಕೆ

ಎಲ್ಲರಿಗೂ ಕೊಡಿಸಲು ಆಗುವುದಿಲ್ಲ ಸ್ವಾಮಿ. ನಾನು ಈಗ ಫೋಟೋ ಆನ್, ವಿಡಿಯೋ ಆಫ್. ಚೀಟಿ ಕಳಿಸುವವರ ಚಾಟ್‌ಗೆ Yes. ನನಗೆ ಇಷ್ಟು ಸಾಕು.

ಕರಾವಳಿ_ಗಾಳಿ

ಮಾವನ ಫೋನಿನಲ್ಲಿ ಅಂಗಡಿ ವ್ಯವಹಾರಕ್ಕೆ ವಾಟ್ಸಾಪ್ ಬಿಸಿನೆಸ್ ಕೂಡ ಇದೆ. ಒಂದರಲ್ಲಿ ಮಾಡಿದರೆ ಎರಡಕ್ಕೂ ಆಗುತ್ತದಾ?

ದಾವಣಗೆರೆ_ರಿಪೇರಿ

ಇಲ್ಲ, ಅದು ಬೇರೆ ಆ್ಯಪ್, ಅದರ ಫೋಲ್ಡರೂ ಬೇರೆ. ಅದರಲ್ಲೂ ಮೊದಲಿನಿಂದ ಮಾಡಬೇಕು.

ಹಾಸನದ_ಮಗಳು

ಒಂದು ಚಿಕ್ಕ ತೊಡಕು ಬಂದಿದೆ. ಪಕ್ಕದ ಮನೆಯವರ ಜೊತೆ ಅಮ್ಮ ಧರ್ಮಸ್ಥಳಕ್ಕೆ ಹೋಗಿದ್ದರು. ಅವರು ಫೋಟೋ ಕಳಿಸಿದ್ದಾರೆ, ಚಾಟ್‌ನಲ್ಲಿ ಕಾಣುತ್ತವೆ, ಗ್ಯಾಲರಿಯಲ್ಲಿ ಇಲ್ಲ. ಈಗ ಆ ಚಾಟ್‌ಗೆ Yes ಕೊಟ್ಟರೂ ಬರುತ್ತಿಲ್ಲ.

ದಾವಣಗೆರೆ_ರಿಪೇರಿ

ಮೊದಲೇ ಇಳಿದವು, ಅದಕ್ಕೇ ಬರುತ್ತಿಲ್ಲ. ಚಾಟ್‌ನಲ್ಲಿ ಫೋಟೋ ದೊಡ್ಡದು ಮಾಡಿ, ಮೇಲೆ ಮೂರು ಚುಕ್ಕಿ ಒತ್ತಿ Save ಕೊಡಲು ಹೇಳಿ. ಒಂದೊಂದಕ್ಕೂ ಮಾಡಬೇಕು. ಇನ್ನು ಮುಂದೆ ಅವರು ಕಳಿಸುವುದು ತಾನಾಗಿ ಬರುತ್ತದೆ.

ಹಾಸನದ_ಮಗಳು

ಅಮ್ಮನೇ ಮಾಡಿದರು. ನಾನು ಹೇಳಿದ್ದು ಒಂದಕ್ಕೆ, ಉಳಿದ ಹದಿಮೂರು ಅವರೇ ಸೇವ್ ಮಾಡಿಕೊಂಡು ಫೋನ್ ಮಾಡಿದ್ದರು.